ಅಕ್ಷರದ ಸಾಕ್ಷಿ ಇಲ್ಲದ ಅಂಕಿ

2020ರ ಸೆಪ್ಟೆಂಬರಿನಲ್ಲಿ ಹುಬ್ಬಳ್ಳಿಯ ಅಧ್ಯಾಪಕರೊಬ್ಬರು ಕರೆಂಟ್ ಬಿಲ್ಲಿಗೆಂದು ಆರು ಸಾವಿರ ರೂಪಾಯಿಯ ಚೆಕ್ ಬರೆದುಕೊಟ್ಟರು. ಚೆಕ್ಕನ್ನು ಕನ್ನಡದಲ್ಲೇ ತುಂಬಿದ್ದರು, ದಿನಾಂಕವನ್ನೂ ಕನ್ನಡ ಅಂಕಿಗಳಲ್ಲೇ ಬರೆದಿದ್ದರು. ಚೆಕ್ ವಾಪಸ್ ಬಂತು. ತಿಂಗಳಿನ ಜಾಗದಲ್ಲಿದ್ದ ೯ ಬ್ಯಾಂಕಿನವರ ಕಣ್ಣಿಗೆ ೬ ಆಗಿ ಕಂಡಿತ್ತು. ಸೆಪ್ಟೆಂಬರ್ ಹೋಗಿ ಜೂನ್ ಆಯಿತು. 2012ರ ಏಪ್ರಿಲ್‌ನಿಂದ ಚೆಕ್ಕಿನ ಆಯುಷ್ಯ ಮೂರೇ ತಿಂಗಳು, ಹಾಗಾಗಿ ಜೂನ್ ತಿಂಗಳ ಚೆಕ್ ಸೆಪ್ಟೆಂಬರಿನಲ್ಲಿ ಅವಧಿ ಮೀರಿದ್ದು. ಅಧ್ಯಾಪಕರು ಸುಮ್ಮನಿರಲಿಲ್ಲ. ಧಾರವಾಡ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋದರು, 2022ರಲ್ಲಿ ಆಯೋಗ ಬ್ಯಾಂಕಿಗೆ 85 ಸಾವಿರ ರೂಪಾಯಿಗೂ ಹೆಚ್ಚು ದಂಡ ಹಾಕಿತು.

ಈ ಸುದ್ದಿ ಬಂದಾಗ ಎಲ್ಲರೂ ಭಾಷಾಭಿಮಾನದ ಮಾತಾಡಿದರು. ಅದು ಸರಿಯೇ. ಚೆಕ್ಕನ್ನು ಹಿಂದಿ, ಇಂಗ್ಲಿಷ್ ಅಥವಾ ಆಯಾ ಪ್ರದೇಶದ ಭಾಷೆಯಲ್ಲಿ ಬರೆಯಬಹುದೆಂದು ರಿಸರ್ವ್ ಬ್ಯಾಂಕೇ ಹೇಳಿದೆ, ಕರ್ನಾಟಕದಲ್ಲಿ ಕೂತ ಬ್ಯಾಂಕು ಕನ್ನಡದ ಒಂಬತ್ತನ್ನು ಓದಲಾರೆ ಎಂದರೆ ಒಪ್ಪುವವರು ಯಾರು? ಆದರೆ ದಾಖಲೆಗಳ ಅನುವಾದ ಮಾಡುವವರು ಈ ಪ್ರಕರಣದಲ್ಲಿ ಗಮನಿಸಬೇಕಾದದ್ದು ಬೇರೆ. ಮೊತ್ತದ ಬಗ್ಗೆ ತಕರಾರೇ ಬರಲಿಲ್ಲ. ಚೆಕ್ಕಿನಲ್ಲಿ ಮೊತ್ತವನ್ನು ಎರಡು ಸಲ ಬರೆಯುತ್ತೇವೆ, ಒಮ್ಮೆ ಅಂಕಿಯಲ್ಲಿ, ಒಮ್ಮೆ ಅಕ್ಷರದಲ್ಲಿ. ಅಂಕಿ ಅರ್ಥವಾಗದಿದ್ದರೆ ಅಕ್ಷರ ಇದೆ. ಎರಡೂ ಒಂದಕ್ಕೊಂದು ಹೊಂದದಿದ್ದರೆ ಅಕ್ಷರದಲ್ಲಿರುವ ಮೊತ್ತವೇ ಸರಿಯೆಂದು 1881ರ ವರ್ಗಾವಣೀಯ ಲಿಖಿತಗಳ ಕಾಯಿದೆಯ 18ನೇ ಕಲಮು ಹೇಳುತ್ತದೆ. ದಿನಾಂಕಕ್ಕೆ ಆ ಆಸರೆ ಇಲ್ಲ. ಪುಟ್ಟ ಚೌಕಗಳಲ್ಲಿ ಬರೆದ ಅಂಕಿಯಷ್ಟೇ. ಅದನ್ನು ತಪ್ಪಾಗಿ ಓದಿದರೆ ಹಾಗಲ್ಲ ಎಂದು ಹೇಳುವ ಇನ್ನೊಂದು ಅಕ್ಷರ ಆ ಕಾಗದದ ಮೇಲೆ ಎಲ್ಲೂ ಇರಲಿಲ್ಲ.

ಅನುವಾದಿತ ದಾಖಲೆಯಲ್ಲಿ ಕನ್ನಡ ಅಂಕಿ ಬಳಸಬೇಕೋ 1, 2, 3 ಬಳಸಬೇಕೋ ಎಂಬ ಪ್ರಶ್ನೆಯನ್ನು ನಾನು ಇಲ್ಲಿಂದ ನೋಡುತ್ತೇನೆ. ಈ ಅಂಕಿಯ ಪಕ್ಕದಲ್ಲಿ ಸಾಕ್ಷಿ ಹೇಳುವ ಅಕ್ಷರ ಇದೆಯೇ? ಇದನ್ನು ಮುಂದೆ ಓದುವವರು ಯಾರು? ಈ ಎರಡಕ್ಕೆ ಉತ್ತರ ಸಿಕ್ಕರೆ ಉಳಿದದ್ದು ತಾನಾಗಿ ತೀರ್ಮಾನವಾಗುತ್ತದೆ.

ಕಾನೂನು ಏನು ಹೇಳುತ್ತದೆ ಎಂಬುದನ್ನು ಮೊದಲು ಮುಗಿಸಿಬಿಡೋಣ, ಅದು ಜನ ಅಂದುಕೊಂಡಷ್ಟು ದೊಡ್ಡದಲ್ಲ. ಸಂವಿಧಾನ ಸಭೆಯಲ್ಲಿ 1949ರ ಸೆಪ್ಟೆಂಬರ್ 12ರಿಂದ 14ರವರೆಗೆ ನಡೆದ ಭಾಷೆಯ ಚರ್ಚೆಯಲ್ಲಿ ಅಂಕಿಗಳ ವಿಷಯಕ್ಕೂ ಸದಸ್ಯರು ಜೋರಾಗಿಯೇ ಜಗಳವಾಡಿದರು. ದೇವನಾಗರಿ ಅಂಕಿ ಬೇಕೆನ್ನುವವರು ಒಂದು ಕಡೆ, ಅದು ಬೇಡವೇ ಬೇಡ ಎನ್ನುವ ದಕ್ಷಿಣದವರು ಇನ್ನೊಂದು ಕಡೆ. ಕೊನೆಗೆ 343ನೇ ವಿಧಿಯಲ್ಲಿ, ಒಕ್ಕೂಟದ ಅಧಿಕೃತ ಕೆಲಸಗಳಿಗೆ ಬಳಸುವ ಅಂಕಿಗಳು ಭಾರತೀಯ ಅಂಕಿಗಳ ಅಂತರರಾಷ್ಟ್ರೀಯ ರೂಪದಲ್ಲಿರಬೇಕು ಎಂದು ಬರೆದರು. ಅಂದರೆ 1, 2, 3. ಇವೂ ಹುಟ್ಟಿದ್ದು ಇಲ್ಲಿಯೇ, ಅರಬರ ಮೂಲಕ ಯೂರೋಪಿಗೆ ಹೋಗಿ ಬಂದವು. ಈ ಬರಹದಲ್ಲಿ ಇವುಗಳನ್ನು ರೂಢಿಯಂತೆ ಇಂಗ್ಲಿಷ್ ಅಂಕಿ ಎಂದೇ ಕರೆಯುತ್ತೇನೆ, ತಿಳಿದವರು ಮನ್ನಿಸಬೇಕು.

343ನೇ ವಿಧಿ ಇರುವುದು ಒಕ್ಕೂಟದ ಕೆಲಸಕ್ಕೆ. ರಾಜ್ಯದ ಕಚೇರಿಯ ಕನ್ನಡ ಪತ್ರದಲ್ಲಿ ಕನ್ನಡ ಅಂಕಿ ಬರೆಯಬಾರದೆಂದು ಅದು ಹೇಳುವುದಿಲ್ಲ. ಹಾಗಿದ್ದೂ ಕೆಲವು ಕಡೆ ಬೇರೆ ನಿಯಮಗಳು ಅಡ್ಡ ಬರುತ್ತವೆ. ವಾಹನದ ನಂಬರ್ ಪ್ಲೇಟು ಅಂಥದ್ದು. ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಅಕ್ಷರ ಇಂಗ್ಲಿಷಿನಲ್ಲೂ ಅಂಕಿ ಇಂಗ್ಲಿಷ್ ರೂಪದಲ್ಲೂ ಇರಬೇಕು, ಅದರ ಬದಲಿಗೆ ಕನ್ನಡದ ಪ್ಲೇಟು ಹಾಕುವಂತಿಲ್ಲ. ಪಾಸ್‌ಪೋರ್ಟಿನ ಅಡಿಯಲ್ಲಿ ಯಂತ್ರ ಓದುವ ಎರಡು ಸಾಲುಗಳೂ ಅಂಥವೇ, ಇಡೀ ಜಗತ್ತಿನಲ್ಲಿ ಅಲ್ಲಿ `A`ಯಿಂದ `Z`, `0`ಯಿಂದ `9` ಮತ್ತು `<` ಗುರುತು ಬಿಟ್ಟು ಬೇರೇನೂ ಬರುವಂತಿಲ್ಲ. ಇಂಥ ಕಡೆ ಆಯ್ಕೆ ನಮ್ಮ ಕೈಯಲ್ಲಿಲ್ಲ. ಉಳಿದ ಕಡೆ ಇದೆ, ತಲೆನೋವು ಶುರುವಾಗುವುದೂ ಅಲ್ಲೇ.

ಕನ್ನಡ ಅಂಕಿಗಳಲ್ಲಿ ಎಲ್ಲವೂ ತೊಂದರೆ ಕೊಡುವುದಿಲ್ಲ. ೩, ೫, ೮ ಸಾಮಾನ್ಯವಾಗಿ ಸಾಧುಗಳು. ತಂಟೆ ಮಾಡುವುದು ಎರಡು ಜೋಡಿ. ಮೊದಲನೆಯದು ೬ ಮತ್ತು ೯. ಎರಡಕ್ಕೂ ಒಂದು ಸುಳಿ, ಒಂದು ಬಾಲ. ಅಚ್ಚಿನಲ್ಲಿ ಬೇರೆಯಾಗಿ ಕಾಣುವ ಇವು ಅವಸರದ ಕೈಬರಹದಲ್ಲಿ, ಅದರಲ್ಲೂ ಇಂಕು ಹರಡಿದ ಹಳೆಯ ಛಾಪಾ ಕಾಗದದ ಮೇಲೆ ಅವಳಿಗಳಾಗುತ್ತವೆ. ಶಾಲೆಯಲ್ಲಿ ಮಗ್ಗಿಯನ್ನೇ ಕನ್ನಡ ಅಂಕಿಯಲ್ಲಿ ಬರೆದ ಹಿರಿಯರು ಥಟ್ಟನೆ ಗುರುತಿಸುತ್ತಾರೆ. ಮೊಬೈಲು, ನೋಟು, ಬಸ್ಸು, ಗಡಿಯಾರ ಎಲ್ಲದರಲ್ಲೂ 6 ಮತ್ತು 9 ನೋಡಿಯೇ ಬೆಳೆದವರಿಗೆ ಒಂದು ಕ್ಷಣ ಅನುಮಾನವಾಗುತ್ತದೆ, ಆಮೇಲೆ ಏನೋ ಒಂದನ್ನು ಊಹಿಸಿಬಿಡುತ್ತಾರೆ. ಎರಡನೆಯ ಜೋಡಿ ೦ ಮತ್ತು ೧. ಸೊನ್ನೆ ಪೂರ್ತಿ ಉಂಗುರ, ಒಂದು ಬಾಯಿ ತೆರೆದ ಉಂಗುರ. ನಕಲಿನ ನಕಲನ್ನು ಮತ್ತೆ ನಕಲು ಮಾಡಿಸಿದಾಗ ಆ ಬಾಯಿ ಮುಚ್ಚಿಕೊಳ್ಳುತ್ತದೆ, ೧೧೦ ಹೋಗಿ ೧೦೦ ಆಗುತ್ತದೆ. ಇವುಗಳ ಜೊತೆ, ಕನ್ನಡವೇ ಬಾರದವರಿಗೆ ೪ ಎಂಬುದು ತಲೆ ತೆರೆದ 8ರಂತೆ ಕಾಣುತ್ತದೆ ಎಂಬುದನ್ನೂ ನೆನಪಿಡಬೇಕು. ದಾಖಲೆ ಹೊರರಾಜ್ಯಕ್ಕೆ ಹೋದರೆ ಅದು ಮುಖ್ಯ.

ಇಂಗ್ಲಿಷ್ ಅಂಕಿಗಳೇನೂ ಪರಮ ಪರಿಶುದ್ಧವಲ್ಲ. 1 ಮತ್ತು 7, 3 ಮತ್ತು 8 ಕೈಬರಹದಲ್ಲಿ ಕಲಸಿಹೋಗುತ್ತವೆ, 1ನ್ನು 4 ಮಾಡಲು ಒಂದೆರಡು ಗೀಟು ಸಾಕು. ಆದರೆ ಅವುಗಳನ್ನು ದಿನಾ ಓದುವವರು ಕೋಟ್ಯಂತರ, ತಪ್ಪು ಕಣ್ಣಿಗೆ ಬೀಳುವ ಸಂಭವ ಹೆಚ್ಚು. ಸುರಕ್ಷತೆ ಇರುವುದು ಅಂಕಿಯ ಆಕಾರದಲ್ಲಲ್ಲ, ಓದುವವರ ಅಭ್ಯಾಸದಲ್ಲಿ.

ಈಗ ಒಂದು ಹಳೆಯ ಕ್ರಯಪತ್ರವನ್ನು ಎದುರಿಗಿಟ್ಟುಕೊಳ್ಳೋಣ. ಉದಾಹರಣೆಗೆಂದು ನಾನೇ ಕಟ್ಟಿದ್ದು, ಆದರೆ ಇದರಲ್ಲಿ ಇರುವುದೆಲ್ಲ ನಿಜವಾದ ಪತ್ರಗಳಲ್ಲಿ ಇರುವಂಥದ್ದೇ. ಪತ್ರಬರಹಗಾರರ ಕೈಬರಹ. ಸರ್ವೆ ನಂಬರು ೧೬/೯, ವಿಸ್ತೀರ್ಣ ೨-೨೦, ಕ್ರಯದ ಹಣ ರೂ. ೬,೯೦೦, ಬರೆದ ತಾರೀಖು ೬-೯-೬೮. ವಾರಸುದಾರರೊಬ್ಬರು ಅಮೆರಿಕದಲ್ಲಿದ್ದಾರೆ. ದಾವೆ ಬೆಂಗಳೂರಿನ ಹೈಕೋರ್ಟಿನಲ್ಲಿದೆ. ಎರಡೂ ಕಡೆಗೆ ಇಂಗ್ಲಿಷ್ ಅನುವಾದ ಬೇಕು.

ಮೊತ್ತ ಸುಲಭ. ಕೆಳಗೆ ಅಕ್ಷರದಲ್ಲಿ ಆರು ಸಾವಿರದ ಒಂಬೈನೂರು ರೂಪಾಯಿ ಎಂದು ಬರೆದೇ ಇರುತ್ತಾರೆ. ಹೀಗೆ ಬರೆದ ಮೊತ್ತದಿಂದ ಇನ್ನೊಂದು ಲಾಭವಿದೆ. ಈ ಬರಹಗಾರರ ೬ ಹೇಗಿರುತ್ತದೆ, ೯ ಹೇಗಿರುತ್ತದೆ ಎಂಬುದು ಇಲ್ಲಿ ಖಾತ್ರಿಯಾಗಿ ಗೊತ್ತಾಗುತ್ತದೆ. ಅನುಭವಿಗಳು ಮೊದಲು ಮೊತ್ತದ ಸಾಲನ್ನು ನೋಡಿ, ಆ ಎರಡು ಆಕಾರಗಳನ್ನು ಕಣ್ಣಿನಲ್ಲಿಟ್ಟುಕೊಂಡು ಆಮೇಲೆ ಉಳಿದ ಕಡೆಗೆ ಹೋಗುತ್ತಾರೆ. (ಪತ್ರ 1957ರ ಏಪ್ರಿಲ್‌ಗಿಂತ ಹಳೆಯದಾದರೆ ಹಣದ ಸಾಲಿನಲ್ಲೇ ಬೇರೆ ಜಾಗ್ರತೆ ಬೇಕು. ಅಲ್ಲಿ ೬೯೦-೮-೦ ಎಂದರೆ 690 ರೂಪಾಯಿ, 8 ಆಣೆ, ಪೈ ಸೊನ್ನೆ. ಅದು ತಾರೀಖೂ ಅಲ್ಲ, ದಶಮಾಂಶವೂ ಅಲ್ಲ.)

ಸರ್ವೆ ನಂಬರಿಗೆ ಅಕ್ಷರದ ಸಾಕ್ಷಿ ಇರುವುದು ಅಪರೂಪ. ೧೬/೯ ಎಂಬುದನ್ನು ಅನುಮಾನದ ಕಣ್ಣಿನಿಂದ ನೋಡಿದರೆ 16/9, 19/6, 16/6, 19/9 ಎಂದು ನಾಲ್ಕು ರೀತಿ ಓದಬಹುದು. ನಾಲ್ಕೂ ಬೇರೆ ಬೇರೆ ಜಮೀನು. ಇಲ್ಲಿ ಕಣ್ಣನ್ನು ನಂಬದೆ ಹೊರಗಿನ ದಾಖಲೆಯನ್ನು ನೋಡಬೇಕು. ಆ ಊರಿನ ಆಕಾರ್‌ಬಂದಿನಲ್ಲಿ 19ನೇ ಸರ್ವೆ ನಂಬರಿಗೆ ನಾಲ್ಕೇ ಹಿಸ್ಸಾ ಇದ್ದರೆ 19/6 ಮತ್ತು 19/9 ಅಲ್ಲಿಗೇ ಮುಗಿದವು. 16/6 ಮತ್ತು 16/9ರಲ್ಲಿ ಯಾವುದರ ವಿಸ್ತೀರ್ಣ ಎರಡು ಎಕರೆ ಇಪ್ಪತ್ತು ಗುಂಟೆ ಎಂದು ನೋಡಿದರೆ ಬಹುಪಾಲು ತೀರ್ಮಾನ ಆಗುತ್ತದೆ. ಚಕ್ಕುಬಂದಿ ಇದ್ದೇ ಇದೆ, ಪೂರ್ವಕ್ಕೆ ಯಾರ ಜಮೀನು, ಪಶ್ಚಿಮಕ್ಕೆ ಯಾವ ಹಳ್ಳ. ಇ.ಸಿ. ತೆಗೆಸಿದರೆ ನೋಂದಣಿ ಕಚೇರಿ ತನ್ನ ಪುಸ್ತಕದಲ್ಲಿ ಯಾವ ನಂಬರು ಬರೆದುಕೊಂಡಿತ್ತು ಎಂಬುದೂ ಸಿಗುತ್ತದೆ. ಆದರೆ ಒಂದು ಎಚ್ಚರ: ಇ.ಸಿ.ಯಲ್ಲಿರುವುದು ಕೂಡ ಇದೇ ಕೈಬರಹವನ್ನು ಯಾರೋ ಓದಿ ಬರೆದದ್ದೇ. ಅಲ್ಲಿ ತಪ್ಪು ಆಗಿದ್ದರೆ ಅದು ನಮ್ಮ ಅನುವಾದಕ್ಕೂ ಸಾಗಿ ಬರುತ್ತದೆ. ಆಕಾರ್‌ಬಂದು ಬೇರೆ ಇಲಾಖೆಯಲ್ಲಿ, ಬೇರೆ ಕೈಯಲ್ಲಿ ಹುಟ್ಟಿದ್ದು, ಹಾಗಾಗಿ ಅದರ ಮಾತಿಗೆ ತೂಕ ಹೆಚ್ಚು.

ತಾರೀಖು ಇನ್ನೂ ಮೋಜಿನದು. ೬-೯-೬೮ ಎಂಬುದು ಸೆಪ್ಟೆಂಬರ್ 6 ಆಗಬಹುದು, ಸೆಪ್ಟೆಂಬರ್ 9, ಜೂನ್ 6, ಜೂನ್ 9 ಕೂಡ ಆಗಬಹುದು. ನೋಂದಣಿ ಆಗಿದ್ದು 1968ರ ಸೆಪ್ಟೆಂಬರ್ 10 ಎಂದು ಸಬ್ ರಿಜಿಸ್ಟ್ರಾರ್ ಅವರ ಷರಾದಲ್ಲಿ ಸ್ಪಷ್ಟವಾಗಿದೆ ಎಂದುಕೊಳ್ಳಿ. ಅದರಿಂದ ಜೂನ್ ತಳ್ಳಿಹೋಗುವುದಿಲ್ಲ. ಬರೆದು ನಾಲ್ಕು ತಿಂಗಳೊಳಗೆ ನೋಂದಣಿಗೆ ಹಾಜರುಪಡಿಸಲು 1908ರ ನೋಂದಣಿ ಕಾಯಿದೆಯಲ್ಲೇ ಅವಕಾಶವಿದೆ. ಛಾಪಾ ಕಾಗದದ ಹಿಂಬದಿಗೆ ತಿರುಗಿಸಿದರೆ ವೆಂಡರ್ ಅದನ್ನು ಮಾರಿದ ತಾರೀಖು ಇರುತ್ತದೆ, ಅದು ಸೆಪ್ಟೆಂಬರಿನದಾದರೆ ಜೂನ್ ಬಿದ್ದುಹೋಯಿತು. ಉಳಿದದ್ದು 6 ಮತ್ತು 9. ಹಳೆಯ ಪತ್ರಬರಹಗಾರರು ಆರಂಭದಲ್ಲಿ ಸಂವತ್ಸರ, ಮಾಸ, ವಾರ ಬರೆಯುವ ರೂಢಿ ಇಟ್ಟುಕೊಂಡಿದ್ದರೆ ಅನುವಾದಕನ ಪುಣ್ಯ. ಕೀಲಕ ಸಂವತ್ಸರದ ಭಾದ್ರಪದ ಶುದ್ಧ, ಶುಕ್ರವಾರ ಎಂದಿದ್ದರೆ ಅದು ಸೆಪ್ಟೆಂಬರ್ 6. ಒಂಬತ್ತನೇ ತಾರೀಖು ಸೋಮವಾರ ಬಿದ್ದಿತ್ತು. ಬಹಳ ಜನ ಅನುವಾದದಲ್ಲಿ ಈ ಸಂವತ್ಸರದ ಸಾಲನ್ನು ಅಲಂಕಾರವೆಂದು ಬಿಟ್ಟುಬಿಡುತ್ತಾರೆ. ಬಿಡಬಾರದು. ಆ ಪುಟದಲ್ಲಿ ತಾರೀಖಿಗೆ ಇರುವ ಅಕ್ಷರದ ಸಾಕ್ಷಿ ಅದೊಂದೇ.

ಇಷ್ಟೆಲ್ಲ ಆದಮೇಲೆ ಇಂಗ್ಲಿಷ್ ಅನುವಾದದಲ್ಲಿ ಬರೆಯುವುದು ಹೇಗೆ? ಅಂಕಿಗಳೆಲ್ಲ ಇಂಗ್ಲಿಷಿನವೇ, ಅದರಲ್ಲಿ ಎರಡು ಮಾತಿಲ್ಲ. ತಾರೀಖಿನಲ್ಲಿ ಮಾತ್ರ ತಿಂಗಳನ್ನು ಹೆಸರಿಟ್ಟೇ ಬರೆಯಬೇಕು. 6-9-1968 ಎಂದು ಬಿಟ್ಟರೆ ಅಮೆರಿಕದವರು ತಿಂಗಳನ್ನು ಮೊದಲು ಓದುವುದರಿಂದ ಅದು ಜೂನ್ 9 ಆಗುತ್ತದೆ. ಕನ್ನಡದ ೯ನ್ನು ಕಷ್ಟಪಟ್ಟು ಸರಿಯಾಗಿ ಓದಿ, ಬಂದ ದಾರಿಯಲ್ಲೇ ಮತ್ತೆ ಜೂನ್‌ಗೆ ಹೋಗಿ ಬಿದ್ದ ಹಾಗಾಯಿತು.

ವಿಸ್ತೀರ್ಣದಲ್ಲೂ ಇದೇ ಬಗೆಯ ಗುಂಡಿ ಇದೆ. ನಮ್ಮಲ್ಲಿ ೨-೨೦ ಎಂದು ಬರೆದರೂ ೨.೨೦ ಎಂದು ಬರೆದರೂ ಎರಡು ಎಕರೆ ಇಪ್ಪತ್ತು ಗುಂಟೆ ಎಂದೇ ಅರ್ಥ. ನಲವತ್ತು ಗುಂಟೆಗೆ ಒಂದು ಎಕರೆ, ಹಾಗಾಗಿ ಅದು ಎರಡೂವರೆ ಎಕರೆ. ಅಂಕಿಯನ್ನಷ್ಟೇ ಬದಲಿಸಿ 2.20 ಎಕರೆ ಎಂದು ಅನುವಾದಿಸಿದರೆ ಹೊರಗಿನವರು ಅದನ್ನು ದಶಮಾಂಶವಾಗಿ ಓದುತ್ತಾರೆ. ಅವರ ಲೆಕ್ಕದಲ್ಲಿ ಅದು ಎರಡು ಎಕರೆ ಎಂಟು ಗುಂಟೆ. ಹನ್ನೆರಡು ಗುಂಟೆ ಮಾಯ. ಗುಂಟೆಗೆ 1,089 ಚದರಡಿಯಂತೆ ಅದು ಹದಿಮೂರು ಸಾವಿರ ಚದರಡಿಗೂ ಮಿಕ್ಕಿದ ಜಾಗ, ಬೆಂಗಳೂರಿನವರ ಭಾಷೆಯಲ್ಲಿ ಹೇಳುವುದಾದರೆ ಹತ್ತು ಥರ್ಟಿ ಫಾರ್ಟಿ ಸೈಟಿಗಿಂತ ಹೆಚ್ಚು. ಇಲ್ಲಿ ಅಂಕಿ ಕನ್ನಡದ್ದೋ ಇಂಗ್ಲಿಷಿನದ್ದೋ ಎಂಬುದು ವಿಷಯವೇ ಅಲ್ಲ. ಎಕರೆ, ಗುಂಟೆ ಎಂಬ ಎರಡು ಮಾತುಗಳನ್ನು ಬಿಡಿಸಿ ಬರೆದಿದ್ದರೆ ಈ ತಪ್ಪಿಗೆ ಜಾಗವೇ ಇರುತ್ತಿರಲಿಲ್ಲ. ಲಕ್ಷದ ಕೊಮಾ ಕೂಡ ಹೀಗೆಯೇ. ೧೨,೫೦,೦೦೦ ಎಂಬುದನ್ನು 12,50,000 ಎಂದು ಬರೆದರೆ ಹೊರದೇಶದ ಗುಮಾಸ್ತನಿಗೆ ಎಲ್ಲೋ ಒಂದು ಸೊನ್ನೆ ಬಿಟ್ಟುಹೋಗಿದೆ ಅನ್ನಿಸುತ್ತದೆ. ಅಂಥ ಕಡೆಗೆ 1,250,000 ಎಂದು ಬರೆದು, ಮೂಲದಲ್ಲಿದ್ದ ರೂಪವನ್ನು ಆವರಣದಲ್ಲಿ ಕೊಡುವುದು ಒಳ್ಳೆಯದು.

ಮೂಲದ ರೂಪವನ್ನು ಆವರಣದಲ್ಲಿ ಕೊಡುವ ಈ ಅಭ್ಯಾಸವನ್ನು ನಾನು ಸರ್ವೆ ನಂಬರು, ನೋಂದಣಿ ಸಂಖ್ಯೆಗಳಿಗೂ ಹೇಳುತ್ತೇನೆ. ಇಂಗ್ಲಿಷ್ ಅನುವಾದದಲ್ಲಿ 16/9 ಎಂದು ಬರೆದು ಪಕ್ಕದಲ್ಲಿ, ಮೂಲದಲ್ಲಿ ೧೬/೯ ಎಂದಿದೆ, ಎಂದು ಸೇರಿಸುವುದು. ನ್ಯಾಯಾಲಯದಲ್ಲಿ ಮೂಲವನ್ನೂ ಅನುವಾದವನ್ನೂ ಅಕ್ಕಪಕ್ಕ ಹಿಡಿದು ನೋಡುವ ಎದುರು ಪಕ್ಷದ ವಕೀಲರಿಗೆ ನಾವು ಯಾವ ಆಕಾರವನ್ನು ಯಾವ ಅಂಕಿಯೆಂದು ಓದಿದೆವು ಎಂಬುದು ಕೂಡಲೇ ಕಾಣುತ್ತದೆ. ಓದಲು ಆಗದೇ ಇದ್ದರೆ, ಅಂಕಿ ಅಸ್ಪಷ್ಟ, 6 ಅಥವಾ 9, ಎಂದು ಬರೆಯಬೇಕೇ ಹೊರತು ಊಹಿಸಬಾರದು. ಅನುವಾದಕನ ಸಹಿಯ ಕೆಳಗೆ ಊಹೆ ಕೂತರೆ ಅದು ಸಂಗತಿಯಾಗಿಬಿಡುತ್ತದೆ. ಅಮೆರಿಕದ ವಲಸೆ ಕಚೇರಿಗೆ ಸಲ್ಲಿಸುವ ಅನುವಾದದ ಜೊತೆ, ಇದು ಪೂರ್ಣ, ನಿಖರ ಮತ್ತು ನಾನು ಈ ಕೆಲಸಕ್ಕೆ ಸಮರ್ಥ, ಎಂದು ಅನುವಾದಕ ಪ್ರಮಾಣಪತ್ರ ಬರೆದುಕೊಡಬೇಕು. ಪೂರ್ಣ ಎಂದ ಮೇಲೆ ಸೀಲು, ಷರಾ, ಅಂಚಿನ ತಾರೀಖು ಎಲ್ಲವೂ ಬಂದವು.

ಇಂಗ್ಲಿಷಿನಿಂದ ಕನ್ನಡಕ್ಕೆ ಬರುವಾಗ ಆಗುವ ತಪ್ಪುಗಳ ಬಗೆಯೇ ಬೇರೆ. ಇಲ್ಲಿ ಕೈಬರಹದ ಕಾಟ ಇಲ್ಲ, ಕಂಪ್ಯೂಟರಿನ ಕಾಟ ಇದೆ. ನೋಟಿಸನ್ನು ಅನುವಾದಿಸಿ ಮುಗಿಸಿದ ಮೇಲೆ, ಪೂರ್ತಿ ಕನ್ನಡವಾಗಲಿ ಎಂಬ ಸದುದ್ದೇಶದಿಂದ ಯಾರೋ ಎಲ್ಲ ಅಂಕಿಗಳನ್ನೂ ಒಟ್ಟಿಗೆ ಕನ್ನಡಕ್ಕೆ ಬದಲಾಯಿಸಿಬಿಡುತ್ತಾರೆ. ಸೆಕ್ಷನ್ನು, ತಾರೀಖು ಬದಲಾಗುವ ಜೊತೆಗೆ ಬ್ಯಾಂಕಿನ ಐಎಫ್‌ಎಸ್‌ಸಿ ಕೋಡು, ಪಿನ್‌ಕೋಡು, ದೂರವಾಣಿ, ಜಾಲತಾಣದ ವಿಳಾಸ ಎಲ್ಲವೂ ಬದಲಾಗುತ್ತವೆ. ಐಎಫ್‌ಎಸ್‌ಸಿಯ ಐದನೇ ಜಾಗದಲ್ಲಿ ಯಾವಾಗಲೂ ಸೊನ್ನೆಯೇ ಇರುತ್ತದೆ. `ABCD0123456` ಎಂಬಂಥದ್ದು `ABCD೦೧೨೩೪೫೬` ಆದರೆ ನೋಡುವವರಿಗೆ ಅರ್ಥವಾಗುತ್ತದೆ, ಆದರೆ ಅದನ್ನು ನೋಟಿಸಿನಿಂದ ಎತ್ತಿ ಬ್ಯಾಂಕಿನ ಅರ್ಜಿಯಲ್ಲಿ ಅಂಟಿಸಿದರೆ ಯಂತ್ರ ಒಪ್ಪುವುದಿಲ್ಲ. ಯಂತ್ರಕ್ಕೆ 5 ಮತ್ತು ೫ ಬೆಲೆಯಲ್ಲಿ ಒಂದೇ ಇರಬಹುದು, ಸಂಕೇತದಲ್ಲಿ ಎರಡು ಬೇರೆ ಅಕ್ಷರಗಳು. ಯೂನಿಕೋಡಿನಲ್ಲಿ ಕನ್ನಡ ಅಂಕಿಗಳಿಗೆ `0CE6`ರಿಂದ `0CEF`ವರೆಗೆ ಪ್ರತ್ಯೇಕ ಮನೆಗಳಿವೆ. ಕಡತದಲ್ಲಿ 2024 ಎಂದು ಹುಡುಕಿದರೆ ೨೦೨೪ ಸಿಗದೇ ಹೋಗುವುದೂ ಇದೇ ಕಾರಣಕ್ಕೆ. ಹಾಗೆ ಹುಡುಕಿ, ಇಂಥ ಆದೇಶ ಹೊರಟೇ ಇಲ್ಲ, ಎಂದು ಮಾಹಿತಿ ಹಕ್ಕಿನ ಅರ್ಜಿಗೆ ಉತ್ತರ ಕೊಡುವ ಗುಮಾಸ್ತರನ್ನು ಊಹಿಸಿಕೊಳ್ಳಿ, ಕಷ್ಟವೇನಿಲ್ಲ.

ಇವೆಲ್ಲಕ್ಕಿಂತ ಕಳ್ಳ ತಪ್ಪು ಇನ್ನೊಂದಿದೆ, ಸೊನ್ನೆಯದು. ಕನ್ನಡದಲ್ಲಿ ೦ ಕೂಡ ಸೊನ್ನೆ, ಅನುಸ್ವಾರ ಕೂಡ ಬಾಯಿಮಾತಿನಲ್ಲಿ ಸೊನ್ನೆಯೇ. ಟೈಪ್ ಮಾಡುವವರಲ್ಲಿ ಎಷ್ಟೋ ಜನ ಅಂಕಿಯ ಸೊನ್ನೆಯ ಕೀಲಿ ಹುಡುಕದೆ ಅನುಸ್ವಾರವನ್ನೇ ಒತ್ತಿಬಿಡುತ್ತಾರೆ. ಪರದೆಯ ಮೇಲೂ ಮುದ್ರಣದಲ್ಲೂ ೨೪೦ ಮತ್ತು ೨೪ಂ ನಡುವೆ ವ್ಯತ್ಯಾಸ ಗೊತ್ತಾಗುವುದು ತೀರಾ ಕಷ್ಟ. ಮನುಷ್ಯ ಎರಡನ್ನೂ ಇನ್ನೂರ ನಲವತ್ತು ಎಂದು ಓದುತ್ತಾನೆ. ಯಂತ್ರ ಓದುವುದಿಲ್ಲ. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಕನ್ನಡ ಅಂಕಿಗಳನ್ನು ನಿಜವಾದ ಸಂಖ್ಯೆಯಾಗಿಯೇ ಸ್ವೀಕರಿಸುತ್ತದೆ, ಅದರಲ್ಲಿ ಹೀಗಾಗುತ್ತದೆ:

```
int("೨೪೦")   # 240
int("೨೪ಂ")   # ValueError
```

ಮೊದಲನೆಯದನ್ನು ಅದು 240 ಎಂದು ತಿಳಿಯಿತು, ಎರಡನೆಯದು ಸಂಖ್ಯೆಯೇ ಅಲ್ಲ ಎಂದಿತು. ಪ್ರೋಗ್ರಾಮ್ ಬರೆಯಲು ಬಾರದವರೂ ಇದನ್ನು ಹಿಡಿಯಬಹುದು. ಲಿಬ್ರೆಆಫೀಸಿನ ಹುಡುಕಾಟದಲ್ಲಿ `Regular expressions` ಆಯ್ಕೆ ಹಾಕಿ `[೦-೯]ಂ` ಎಂದು ಹುಡುಕಿದರೆ, ಅಂಕಿಯ ಬೆನ್ನಿಗೆ ಅಂಟಿದ ಅನುಸ್ವಾರಗಳೆಲ್ಲ ಸಾಲಾಗಿ ಸಿಕ್ಕಿಬೀಳುತ್ತವೆ. ಕನ್ನಡ ಅಂಕಿಯಲ್ಲಿ ದಾಖಲೆ ಕೊಡಲೇಬೇಕಾದವರು ಕೊನೆಗೆ ಒಮ್ಮೆ ಇದನ್ನು ಮಾಡಿಯೇ ಸಹಿ ಹಾಕುವುದು ವಾಸಿ.

ಹಾಗಾದರೆ ಕನ್ನಡ ಅಂಕಿಗೆ ಜಾಗವೇ ಇಲ್ಲವೇ ಎಂದು ಕೇಳುವವರಿದ್ದಾರೆ. ಇದೆ. ಕೆಲವು ಕಡೆ ಅದೇ ಹೆಚ್ಚು ಸುರಕ್ಷಿತ. ದೃಢೀಕೃತ ನಕಲು ಅಂಥ ಒಂದು ಜಾಗ. ಹಳೆಯ ಕನ್ನಡ ಪತ್ರವನ್ನು ಕನ್ನಡದಲ್ಲೇ ಟೈಪ್ ಮಾಡಿ ನ್ಯಾಯಾಲಯಕ್ಕೆ ಕೊಡುವಾಗ ಅಂಕಿಗಳನ್ನು ಇಂಗ್ಲಿಷಿಗೆ ತಿರುಗಿಸಬಾರದು. ನಕಲು ಎಂದರೆ ಮೂಲದಲ್ಲಿ ಇದ್ದದ್ದು ಇದ್ದಂತೆ. ೧೬/೯ ಎಂದಿದ್ದದ್ದನ್ನು 16/9 ಎಂದು ಟೈಪ್ ಮಾಡಿದ ಕೂಡಲೇ ಓದುವ ತೀರ್ಮಾನವನ್ನು ಟೈಪಿಸ್ಟ್ ಮಾಡಿಬಿಟ್ಟಂತಾಯಿತು, ಮುಂದೆ ಅನುವಾದಕ ಆ ನಕಲನ್ನೇ ನೋಡುತ್ತಾನೆ, ಅನುಮಾನಪಡಲು ಅವನಿಗೆ ಕಾರಣವೇ ಉಳಿದಿರುವುದಿಲ್ಲ. ಕನ್ನಡ ಅಂಕಿ ಅಲ್ಲೇ ಇದ್ದರೆ ಕನಿಷ್ಠ ಪ್ರಶ್ನೆಯಾದರೂ ಜೀವಂತ ಇರುತ್ತದೆ.

ಎರಡನೆಯದು, ಕನ್ನಡದವರೇ ಬರೆದು ಕನ್ನಡದವರೇ ಓದಿ ಅಲ್ಲಿಗೇ ಮುಗಿಯುವ ಕಾಗದಗಳು. ಗ್ರಾಮಸಭೆಯ ತಿಳುವಳಿಕೆ ಪತ್ರ, ಸಂಘದ ನಡಾವಳಿ, ಪ್ರಶಸ್ತಿ ಪತ್ರ. ಅಧ್ಯಾಯದ ಸಂಖ್ಯೆ, ಪುಟದ ಸಂಖ್ಯೆ, ಪಟ್ಟಿಯ ಕ್ರಮಾಂಕಗಳಲ್ಲಿ ಕನ್ನಡ ಅಂಕಿ ಹಾಕಿದರೆ ಅಪಾಯವೇನೂ ಇಲ್ಲ, ಐದರ ನಂತರ ಬರುವುದು ಆರೇ ಎಂದು ಎಲ್ಲರಿಗೂ ಗೊತ್ತು. ಅಲ್ಲಿ ಸಾಲಿನ ಕ್ರಮವೇ ಸಾಕ್ಷಿ. ಸರ್ಕಾರಿ ಆದೇಶದ ಅನುವಾದದಲ್ಲಿ ನಾನು ಇಷ್ಟಪಡುವ ಕ್ರಮವೂ ಇದೇ: ವಾಕ್ಯದ ಒಳಗಿನ ಚಿಕ್ಕ ಸಂಖ್ಯೆಗಳನ್ನು ಕನ್ನಡದ ಮಾತಿನಲ್ಲೇ ಬರೆಯುವುದು, ಮೂವತ್ತು ದಿನಗಳ ಒಳಗೆ, ಇಬ್ಬರು ಸಾಕ್ಷಿಗಳ ಸಮಕ್ಷಮ, ಎಂದು. ಮೊತ್ತವನ್ನು ಅಂಕಿಯಲ್ಲೂ ಅಕ್ಷರದಲ್ಲೂ ಕೊಡುವುದು. ಕಡತದ ಸಂಖ್ಯೆ, ಖಾತೆ ಸಂಖ್ಯೆ, ಸರ್ವೆ ನಂಬರು, ಆಧಾರ್, ಪಿನ್‌ಕೋಡು ಇವು ಇಂಗ್ಲಿಷ್ ಅಂಕಿಯಲ್ಲೇ ಇರಲಿ. ಕನ್ನಡ ಉಳಿಯಬೇಕಾದದ್ದು ಆ ಮಾತುಗಳಲ್ಲಿ. ಆರು ಸಾವಿರದ ಒಂಬೈನೂರು ಎಂದು ಬರೆದದ್ದನ್ನು ಒಂಬತ್ತು ಸಾವಿರ ಎಂದು ಯಾವ ಬ್ಯಾಂಕೂ ಓದಲಾರದು.

ಒಂದೇ ದಾಖಲೆಯಲ್ಲಿ ಎರಡೂ ಬಗೆಯ ಅಂಕಿ ಇರುವುದರಿಂದ ಏನೂ ಕೆಡುವುದಿಲ್ಲ, ಆದರೆ ಒಂದೇ ಕೋಷ್ಟಕದ ಒಂದೇ ಕಾಲಮಿನಲ್ಲಿ, ಅದಕ್ಕಿಂತ ಹೆಚ್ಚಾಗಿ ಒಂದೇ ಸಂಖ್ಯೆಯೊಳಗೆ, ಬೆರೆಸಬಾರದು. 2೦24 ಎಂಬಂಥ ಬೆರಕೆಗಳು ನುಸುಳುವುದು ಅರ್ಧ ತಿದ್ದಿದ ಹಳೆಯ ಕಡತಗಳಿಂದ, ನಡುವಿನ ಸೊನ್ನೆ ಕನ್ನಡದ್ದಾಗಿದ್ದರೂ ಯಾರಿಗೂ ಕಾಣುವುದಿಲ್ಲ. ಯೂನಿಕೋಡಿಗೆ ಮುಂಚಿನ ಫಾಂಟುಗಳಲ್ಲಿ ಅಂಕಿಯ ಆಕಾರ ಫಾಂಟಿನಿಂದಲೇ ಬರುತ್ತಿತ್ತು. ಫಾಂಟು ಬದಲಿಸಿದರೆ ಅದೇ ಕಡತದ ಅಂಕಿಗಳು ಕನ್ನಡದಿಂದ ಇಂಗ್ಲಿಷಿಗೆ ಹಾರುತ್ತಿದ್ದವು. ಅಂಥ ಕಡತವನ್ನು ಈಗ ಯೂನಿಕೋಡಿಗೆ ತಿರುಗಿಸಿದವರು ಅಂಕಿಗಳನ್ನು ಬೇರೆಯಾಗಿ, ಮುದ್ರಿತ ಪ್ರತಿಯ ಎದುರಿಟ್ಟು ನೋಡಬೇಕು.

ನೋಡುವುದಕ್ಕೆ ಒಳ್ಳೆಯ ವಿಧಾನ ಹಳೆಯದೇ. ಇಬ್ಬರು ಕೂರಬೇಕು, ಒಬ್ಬರ ಕೈಯಲ್ಲಿ ಮೂಲ, ಇನ್ನೊಬ್ಬರ ಕೈಯಲ್ಲಿ ಅನುವಾದ. ಮೂಲ ಹಿಡಿದವರು ಅಂಕಿಗಳನ್ನು ಒಂದೊಂದಾಗಿ, ಒಂದು, ಆರು, ಗೀಟು, ಒಂಬತ್ತು ಎಂದು ಗಟ್ಟಿಯಾಗಿ ಹೇಳುತ್ತಾ ಹೋಗಬೇಕು, ಹದಿನಾರು ಎಂದು ಕೂಡಿಸಿ ಹೇಳಬಾರದು. ಅನುವಾದ ಹಿಡಿದವರು ಮೂಲವನ್ನು ಇಣುಕಬಾರದು. ಮತ್ತು ಓದುವವರು, ಸಾಧ್ಯವಿದ್ದರೆ, ಅನುವಾದ ಮಾಡಿದವರೇ ಆಗಿರಬಾರದು. ಒಮ್ಮೆ ೬ ಎಂದು ನೋಡಿದ ಕಣ್ಣು ಹತ್ತನೇ ಸಲವೂ ೬ ಎಂದೇ ನೋಡುತ್ತದೆ.